ಲೈನ್ ಹೋದಾಗ ಸೇಡಂ ಶಾಖೆ ಏನು ಉತ್ತರ ಕೊಡಬೇಕು?

ಪ್ರಶ್ನೆ: ಕಲಬುರಗಿಯ ಒಂದು ಪತ್ತಿನ ಸಹಕಾರ ಸಂಘಕ್ಕ ನಾವು ಮೂರು ಮಂದಿ ಸೇರಿ ಆ್ಯಪ್ ಮಾಡ್ಲಿಕತ್ತೀವ್ರಿ. ಸದಸ್ಯರ ಬ್ಯಾಲೆನ್ಸ್, ಸಂಘದ ಫೋಟೊ-ಸುದ್ದಿ ಬರೋ ಫೀಡ್ ಎರಡೂ ಒಂದೇ ಕ್ಲೌಡ್ ಡೇಟಾಬೇಸ್‌ನಾಗ ಅವ. ರೊಕ್ಕ ತುಂಬಿದ ಕೂಡಲೇ ನೋಡಿದ್ರ ಒಮ್ಮೊಮ್ಮೆ ಹಳೇ ಬ್ಯಾಲೆನ್ಸೇ ತೋರಿಸ್ತದ. ಸೇಡಂ ಶಾಖೆಯಾಗ ನೆಟ್ ಪದೇ ಪದೇ ಹೋಗ್ತದ, ಅದಕ್ಕ ಅಲ್ಲಿಯ ಕಂಪ್ಯೂಟರ್‌ನಾಗೇ ಒಂದು ಪ್ರತಿ ಇಟ್ಟು ಆಮೇಲೆ ಸಿಂಕ್ ಮಾಡಬೇಕಂತ ವಿಚಾರ ಅದ. ಕ್ಯಾಪ್ ಪ್ರಮೇಯದಾಗ ಎಲ್ಲಾ ಕಡೆ ಒಂದೇ ಉತ್ತರ, ಯಾವಾಗ ಕೇಳಿದ್ರೂ ಉತ್ತರ, ಲೈನ್ ಕಡಿದ್ರೂ ನಡೆಯೋದು, ಈ ಮೂರರಾಗ ಎರಡು ಆರಿಸ್ಕೋಬೇಕು ಅಂತಾರ. ನಾವು ಯಾವ ಎರಡು ಆರಿಸ್ಬೇಕ್ರಿ?

ಉತ್ತರ: ನೀವು ಎರಡು ಬೇರೆ ಬೇರೆ ಕಾಯಿಲೆಗಳನ್ನು ಒಂದೇ ಚೀಟಿಯಲ್ಲಿ ಬರೆದಿದ್ದೀರಿ. ತುಂಬಿದ ರೊಕ್ಕ ಕಾಣದಿರುವುದು ಒಂದು, ಸೇಡಂನ ನೆಟ್ ಲೈನ್ ಇನ್ನೊಂದು. ಮೊದಲನೆಯದು ನಡೆದಾಗ ಯಾವ ಲೈನೂ ಕಡಿದಿರಲಿಲ್ಲ, ಹಾಗಾಗಿ ಅದಕ್ಕೆ ಕ್ಯಾಪ್ ಹೊಣೆಯಲ್ಲ. ಅದು ಸಣ್ಣದು, ಮೊದಲು ಅದನ್ನೇ ಮುಗಿಸೋಣ.

ಕ್ಲೌಡ್ ಡೇಟಾಬೇಸ್ ನಿಮ್ಮ ಮಾಹಿತಿಯನ್ನು ಸಾಮಾನ್ಯವಾಗಿ ಮೂರು ಪ್ರತಿ ಮಾಡಿ ಬೇರೆ ಬೇರೆ ಕಟ್ಟಡಗಳಲ್ಲಿ ಇಡುತ್ತದೆ. ಮೂರು ಕಡೆ ಒಂದೊಂದು ದಪ್ಪ ಪುಸ್ತಕ ಇದೆ ಎಂದುಕೊಳ್ಳಿ. ನೀವು ಜಮಾ ಬರೆದಾಗ ಎರಡು ಪುಸ್ತಕಗಳಲ್ಲಿ ಬರೆದಾದ ಕೂಡಲೇ ‘ಆಯಿತು’ ಎಂಬ ಉತ್ತರ ಬರುತ್ತದೆ, ಮೂರನೆಯದರಲ್ಲಿ ಸ್ವಲ್ಪ ತಡವಾಗಿ ಬರೆಯಲಾಗುತ್ತದೆ. ಆ ತಡ ಬಹುತೇಕ ಮಿಲಿಸೆಕೆಂಡುಗಳ ಲೆಕ್ಕದ್ದು. ಆದರೆ ನಿಮ್ಮ ಆ್ಯಪ್ ಜಮಾ ಆದ ಮರುಕ್ಷಣವೇ ಬ್ಯಾಲೆನ್ಸ್ ಕೇಳುತ್ತದೆ, ಆ ಕೇಳಿಕೆ ಮೂರನೆಯ ಪುಸ್ತಕದ ಮುಂದೆ ಹೋಗಿ ನಿಂತರೆ ಹಳೆಯ ಅಂಕಿಯೇ ಸಿಗುತ್ತದೆ. ಈವೆಂಚುಯಲ್ ಕನ್ಸಿಸ್ಟೆನ್ಸಿ ಎಂದರೆ ಇಷ್ಟೇ: ಹೊಸ ಬರಹ ಬರುವುದು ನಿಂತರೆ ಎಲ್ಲ ಪ್ರತಿಗಳೂ ಒಂದಲ್ಲ ಒಂದು ಹೊತ್ತಿಗೆ ಒಂದೇ ಆಗುತ್ತವೆ ಎಂಬ ಮಾತು. ಎಷ್ಟು ಹೊತ್ತಿಗೆ ಎಂದು ಆ ಮಾತಿನಲ್ಲಿ ಹೇಳಿಲ್ಲ.

ಇದಕ್ಕೊಂದು ಸರಳ ಲೆಕ್ಕವಿದೆ. ಒಟ್ಟು ಪ್ರತಿಗಳು N, ಬರೆಯುವಾಗ ಕಾಯುವ ಪ್ರತಿಗಳು W, ಓದುವಾಗ ಕೇಳುವ ಪ್ರತಿಗಳು R ಎಂದಾದರೆ, `R + W > N` ಇದ್ದಾಗ ಓದಿಗೂ ಬರಹಕ್ಕೂ ಕನಿಷ್ಠ ಒಂದು ಪುಸ್ತಕವಾದರೂ ಸಮಾನವಾಗಿರುತ್ತದೆ. ಮೂರರಲ್ಲಿ ಎರಡರಲ್ಲಿ ಬರೆದು ಒಂದನ್ನು ಓದಿದರೆ 2 + 1 = 3, ಅದು ಮೂರಕ್ಕಿಂತ ಹೆಚ್ಚಲ್ಲ, ಹಳೆಯದು ಸಿಗಬಹುದು. ಎರಡನ್ನು ಓದಿ ಅವುಗಳಲ್ಲಿ ಹೊಸದನ್ನು ತೆಗೆದುಕೊಂಡರೆ 4, ಆಗ ಹೊಸ ಬರಹ ತಪ್ಪಿಸಿಕೊಳ್ಳಲು ಜಾಗವಿಲ್ಲ. ಕಸಾಂಡ್ರಾ ಎಂಬ ಡೇಟಾಬೇಸಿನಲ್ಲಿ ಓದಿಗೂ ಬರಹಕ್ಕೂ `QUORUM` ಎಂದು ಹೇಳಿದರೆ ಇದೇ ಲೆಕ್ಕ ನಡೆಯುತ್ತದೆ. ಅಮೆಜಾನಿನ ಡೈನಮೊಡಿಬಿಯ ಒಳಗಿನ ಏರ್ಪಾಡು ಬೇರೆ, ಅಲ್ಲಿ ಓದುವಾಗ `ConsistentRead` ಅನ್ನು `true` ಮಾಡಬೇಕು. ಹೇಳದಿದ್ದರೆ ಹಳೆಯ ಅಂಕಿ ಬರಬಹುದಾದ ಸಡಿಲ ಓದೇ ಸಿಗುತ್ತದೆ, ಹೊಸದನ್ನೇ ಕೊಡುವ ಬಿಗಿ ಓದಿನ ಬೆಲೆ ಅದರ ಎರಡರಷ್ಟು. ಇಲ್ಲಿ ಒಂದು ಕುಣಿಕೆ ಉಂಟು. ಸದಸ್ಯರನ್ನು ಮೊಬೈಲ್ ನಂಬರಿನಿಂದ ಹುಡುಕಲು ಗ್ಲೋಬಲ್ ಸೆಕೆಂಡರಿ ಇಂಡೆಕ್ಸ್ ಮಾಡಿಕೊಂಡಿದ್ದರೆ, ಆ ಇಂಡೆಕ್ಸಿನ ಮೇಲೆ ಬಿಗಿ ಓದು ನಡೆಯುವುದೇ ಇಲ್ಲ. ಇಂಡೆಕ್ಸಿನಿಂದ ಖಾತೆ ಸಂಖ್ಯೆ ಮಾತ್ರ ತೆಗೆದುಕೊಂಡು, ಬ್ಯಾಲೆನ್ಸನ್ನು ಮೂಲ ಟೇಬಲ್‌ನಿಂದ ಮತ್ತೊಮ್ಮೆ ಓದಬೇಕು. ನಿಮ್ಮ ಹಳೇ ಬ್ಯಾಲೆನ್ಸಿನ ಕಾಟ ಬಹುಶಃ ಇಲ್ಲಿಗೇ ಮುಗಿಯುತ್ತದೆ.

ಇನ್ನು ಸೇಡಂ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳಿ. ಸೇಡಂ ಶಾಖೆಯಲ್ಲಿ ಪ್ರತಿ ಇಲ್ಲದಿದ್ದರೆ ಅಲ್ಲಿ ನೆಟ್ ಹೋದಾಗ ಕೆಲಸ ನಿಲ್ಲುತ್ತದೆ, ಅಷ್ಟೆ. ಕ್ಯಾಷಿಯರ್ ಚಹಾ ಕುಡಿಯಲು ಹೋಗುತ್ತಾರೆ, ಲೆಕ್ಕ ಕೆಡುವುದಿಲ್ಲ. ಅಲ್ಲಿ ಒಂದು ಪ್ರತಿ ಇಟ್ಟು, ಲೈನ್ ಇಲ್ಲದಾಗಲೂ ಅದರ ಮೇಲೆ ಬರೆಯಲು ಬಿಟ್ಟ ದಿನ ನಿಮ್ಮ ಸಂಘ ಕ್ಯಾಪ್ ಪ್ರಮೇಯದ ಹೊಸ್ತಿಲು ದಾಟುತ್ತದೆ.

ಆ ಪ್ರಮೇಯವನ್ನು ಕಂಪ್ಯೂಟರ್ ವಿಜ್ಞಾನಿ ಎರಿಕ್ ಬ್ರೂವರ್ 2000ರಲ್ಲಿ ಒಂದು ಊಹೆಯಾಗಿ ಮುಂದಿಟ್ಟರು, 2002ರಲ್ಲಿ ಸೇತ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ಸಾಧಿಸಿ ತೋರಿಸಿದರು. ಆ ರುಜುವಾತಿನ ತಿರುಳು ಸೇಡಂ ಕೌಂಟರಿನಲ್ಲೇ ಅರ್ಥವಾಗುವಂಥದ್ದು. ಕಲಬುರಗಿಗೂ ಸೇಡಂಗೂ ನಡುವಿನ ಲೈನ್ ಕಡಿದಿದೆ. ಕಲಬುರಗಿಯಲ್ಲಿ ಒಬ್ಬರು ಹಣ ತೆಗೆದರು. ಈಗ ಸೇಡಂನಲ್ಲಿ ಒಬ್ಬರು ಬಂದು ಅದೇ ಖಾತೆಯ ಬ್ಯಾಲೆನ್ಸ್ ಕೇಳುತ್ತಾರೆ. ಸೇಡಂ ಉತ್ತರ ಕೊಟ್ಟರೆ ಅದು ಹಳೆಯದಾಗಿರುತ್ತದೆ, ಏಕೆಂದರೆ ಹೊಸ ಸುದ್ದಿ ಅಲ್ಲಿಗೆ ತಲುಪಲು ದಾರಿಯೇ ಇಲ್ಲ. ತಪ್ಪು ಹೇಳಬಾರದು ಎಂದಿದ್ದರೆ ಉತ್ತರ ಕೊಡದೆ ಸುಮ್ಮನಿರಬೇಕು. ಮೂರನೆಯ ದಾರಿ ಇಲ್ಲ, ಎಷ್ಟೇ ಜಾಣ ಪ್ರೋಗ್ರಾಂ ಬರೆದರೂ ಇಲ್ಲ.

ಹಾಗಾಗಿ ‘ಮೂರರಲ್ಲಿ ಎರಡು’ ಎನ್ನುವ ಮಾತೇ ದಾರಿ ತಪ್ಪಿಸುತ್ತದೆ. ಅದು ಖಾನಾವಳಿಯಲ್ಲಿ ಎರಡು ಪಲ್ಯ ಆರಿಸಿಕೊಂಡ ಹಾಗೆ ಕೇಳಿಸುತ್ತದೆ. ಲೈನ್ ಕಡಿಯುವುದನ್ನು ನೀವು ಆರಿಸುವುದಿಲ್ಲ. ರಸ್ತೆ ಅಗೆಯುವ ಜೆಸಿಬಿ ನಿಮ್ಮ ಅಭಿಪ್ರಾಯ ಕೇಳುವುದಿಲ್ಲ. ಬ್ರೂವರ್ ಅವರೇ 2012ರಲ್ಲಿ ಬರೆದ ಲೇಖನದಲ್ಲಿ ಆ ಹೇಳಿಕೆ ದಾರಿ ತಪ್ಪಿಸುವಂಥದ್ದು ಎಂದು ಒಪ್ಪಿಕೊಂಡರು. ನಿಮಗಿರುವ ಆಯ್ಕೆ ಒಂದೇ, ಅದೂ ಲೈನ್ ಹೋಗಿರುವಷ್ಟು ಹೊತ್ತು ಮಾತ್ರ: ಉತ್ತರ ಕೊಡಬೇಕೋ, ಬೇಡವೋ. ಈ ಆಯ್ಕೆಯನ್ನು ಇಡೀ ಡೇಟಾಬೇಸಿಗೆ ಒಮ್ಮೆಲೇ ಮಾಡುವುದೂ ಬೇಡ. ಜಮಾಕ್ಕೆ ಒಂದು, ವಿತ್‌ಡ್ರಾಗೆ ಒಂದು, ಫೋಟೊಗೆ ಇನ್ನೊಂದು, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಸಲ ಕೇಳಿಕೊಳ್ಳಬೇಕು.

ಲೈನ್ ‘ಕಡಿಯುವುದು’ ಎಂದರೆ ಪೂರ್ತಿ ಸತ್ತು ಹೋಗುವುದೇ ಆಗಬೇಕಿಲ್ಲ. ಉತ್ತರ 30 ಸೆಕೆಂಡು ಬರದಿದ್ದರೆ, ಆಚೆ ಕಡೆಯವರು ಸತ್ತಿದ್ದಾರೋ ನಿಧಾನವಾಗಿದ್ದಾರೋ ಈಚೆಗೆ ಗೊತ್ತಾಗುವುದಿಲ್ಲ. ಇಷ್ಟು ಹೊತ್ತು ಕಾಯುತ್ತೇನೆ ಎಂದು ನೀವು ಟೈಮ್‌ಔಟ್ ಇಟ್ಟಿದ್ದೀರಲ್ಲ, ಅದು ಮುಗಿದ ಕ್ಷಣವೇ ಆ ಆಯ್ಕೆ ನಿಮ್ಮ ಕೊರಳಿಗೆ ಬೀಳುತ್ತದೆ.

ಈಗ ನೀವು ಅಂದುಕೊಂಡಿರುವ ‘ಆಮೇಲೆ ಸಿಂಕ್’ ಏನು ಮಾಡುತ್ತದೆ, ಒಂದು ಖಾತೆ ಹಿಡಿದು ನೋಡ್ರಿ. ಖಾತೆ 117, ಗಂಡ ಹೆಂಡತಿಯ ಜಂಟಿ ಖಾತೆ, ಬ್ಯಾಲೆನ್ಸ್ ₹5,000. ಬೆಳಿಗ್ಗೆ 11:05ಕ್ಕೆ ಲೈನ್ ಹೋಯಿತು. 11:10ಕ್ಕೆ ಹೆಂಡತಿ ಕಲಬುರಗಿಯಲ್ಲಿ ₹1,000 ತೆಗೆದರು, ಅಲ್ಲಿಯ ಪ್ರತಿಯಲ್ಲಿ ಬ್ಯಾಲೆನ್ಸ್ ₹4,000 ಎಂದು ಬರೆಯಲಾಯಿತು. 11:12ಕ್ಕೆ ಗಂಡ ತೊಗರಿ ಮಾರಿದ ರೊಕ್ಕದಲ್ಲಿ ₹2,000 ಸೇಡಂನಲ್ಲಿ ತುಂಬಿದರು, ಅಲ್ಲಿ ₹7,000 ಎಂದಾಯಿತು. 11:40ಕ್ಕೆ ಲೈನ್ ಬಂತು. ಒಂದೇ ಖಾತೆಗೆ ಎರಡು ಅಂಕಿ. ಬಹಳಷ್ಟು ಡೇಟಾಬೇಸ್‌ಗಳು ಇಂಥಲ್ಲಿ ಮಾಡುವುದು, ಕೊನೆಗೆ ಬರೆದದ್ದು ಗೆಲ್ಲುತ್ತದೆ ಎನ್ನುವ ನ್ಯಾಯ. 11:12ರದು ಕೊನೆಯದು, ₹7,000 ಉಳಿಯಿತು. ಸರಿಯಾದ ಉತ್ತರ ₹6,000. ಸಂಘಕ್ಕೆ ಸಾವಿರ ರೂಪಾಯಿ ಲುಕ್ಸಾನು, ಯಾವ ಎರರೂ ಬರಲಿಲ್ಲ, ಲಾಗಿನಲ್ಲೂ ಏನೂ ಇಲ್ಲ.

ಕ್ರಮ ಉಲ್ಟಾ ಆಗಿದ್ದರೆ ₹4,000 ಉಳಿಯುತ್ತಿತ್ತು. ಆಗ ಗಂಡ ತುಂಬಿದ ₹2,000 ಮಾಯ. ಇವೆರಡರಲ್ಲಿ ಯಾವುದು ನಿಮ್ಮ ಕಿವಿಗೆ ಬೀಳುತ್ತದೆ ಎಂದು ಯೋಚಿಸಿ. ಸದಸ್ಯರಿಗೆ ನಷ್ಟವಾದರೆ ಪಾಸ್‌ಬುಕ್ ಹಿಡಿದುಕೊಂಡು ಬಂದು ಜಗಳ ತೆಗೆಯುತ್ತಾರೆ. ಲಾಭವಾದವರು ಬರುವುದಿಲ್ಲ. ‘ತಿಂಗಳಿಗೆ ಒಂದೆರಡು ದೂರು ಅಷ್ಟೇ’ ಎಂದು ನೆಮ್ಮದಿಯಾಗಿರುವವರು ತಪ್ಪುಗಳ ಒಂದು ಪಕ್ಕವನ್ನು ಮಾತ್ರ ನೋಡುತ್ತಿರುತ್ತಾರೆ.

ಕೊನೆಯದು ಯಾವುದು ಎಂದು ತೀರ್ಮಾನಿಸುವುದು ಆಯಾ ಕಂಪ್ಯೂಟರಿನ ಗಡಿಯಾರ, ಅದನ್ನೂ ಮರೆಯಬೇಡಿ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಶಾಖೆಯ ಕಂಪ್ಯೂಟರಿನ ಮದರ್‌ಬೋರ್ಡ್ ಸೆಲ್ ಸತ್ತಿತ್ತು. ಕರೆಂಟ್ ಹೋಗಿ ಬಂದಾಗಲೆಲ್ಲ ಅದರ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತಿತ್ತು. ಆ ದಿನ ಅದು ಬರೆದದ್ದೆಲ್ಲ ‘ಹಳೆಯದು’ ಎನಿಸಿಕೊಂಡು ಸಿಂಕ್ ಆಗುವಾಗ ಸದ್ದಿಲ್ಲದೆ ಬಿದ್ದುಹೋಯಿತು. ಗಡಿಯಾರ ಮುಂದೆ ಓಡಿದ್ದರೆ ಇನ್ನೂ ಕೆಟ್ಟದ್ದು: ನಾಳೆಯ ತಾರೀಖು ಹೊತ್ತ ಬರಹವನ್ನು ಇವತ್ತಿನ ಯಾವ ಸರಿ ಬರಹವೂ ಅಳಿಸಲಾರದು.

ಇದಕ್ಕೆ ಔಷಧ ಹೊಸದೇನಲ್ಲ. ಗಂಜ್ ಮಾರುಕಟ್ಟೆಯ ಯಾವುದೇ ಅಡತಿ ಅಂಗಡಿಗೆ ಹೋಗಿ ಮುನೀಮರ ಪಕ್ಕ ಅರ್ಧ ಗಂಟೆ ಕೂತರೆ ಸಿಗುತ್ತದೆ. ಅವರು ವ್ಯವಹಾರ ಆದ ಕೂಡಲೇ ಬರೆಯುವುದು ಕೀರ್ದಿಯಲ್ಲಿ: ಇಂಥವರಿಂದ ಇಷ್ಟು ಜಮಾ, ಇಂಥವರಿಗೆ ಇಷ್ಟು ನಾವೆ. ಒಬ್ಬೊಬ್ಬರ ಖಾತೆ ಬರೆಯುವ ಖತಾವಣಿಯ ಶಿಲ್ಕು, ಅಂದರೆ ಬ್ಯಾಲೆನ್ಸ್, ಆಮೇಲೆ ಕೀರ್ದಿಯಿಂದ ಕೂಡಿ ತೆಗೆದದ್ದು. ಶಿಲ್ಕು ತಪ್ಪಿದರೆ ಕೀರ್ದಿ ನೋಡಿ ತಿದ್ದುತ್ತಾರೆ, ಕೀರ್ದಿಯನ್ನು ಮಾತ್ರ ಯಾರೂ ಅಳಿಸಿ ಬರೆಯುವುದಿಲ್ಲ. ನೀವು ಮಾಡಿರುವುದು ಇದರ ತಿರುವುಮುರುವು. ಶಿಲ್ಕನ್ನೇ ಸಿಂಕ್ ಮಾಡಲು ಹೊರಟಿದ್ದೀರಿ.

ಸಿಂಕ್ ಮಾಡಬೇಕಾದದ್ದು ಕೀರ್ದಿಯನ್ನು. ಕಲಬುರಗಿಯ ಪುಸ್ತಕದಲ್ಲಿ ‘−1,000’ ಎಂಬ ಸಾಲು, ಸೇಡಂನದರಲ್ಲಿ ‘+2,000’ ಎಂಬ ಸಾಲು. ಲೈನ್ ಬಂದಾಗ ಎರಡನ್ನೂ ಸೇರಿಸಿ. ಯಾವುದು ಮೊದಲು ಬಂದರೂ, ಗಡಿಯಾರ ಎಷ್ಟೇ ತಪ್ಪಿದ್ದರೂ 5,000 − 1,000 + 2,000 = 6,000. ಕೂಡಿಸುವುದಕ್ಕೆ ಕ್ರಮದ ಹಂಗಿಲ್ಲ, ಅದೇ ಇಲ್ಲಿ ನಿಮ್ಮ ಕೈ ಹಿಡಿಯುವುದು. ಒಂದೇ ಎಚ್ಚರ: ಸಾಲು ಎರಡು ಸಲ ಸೇರಬಾರದು. ಸೇಡಂ ಒಂದು ಸಾಲು ಕಳಿಸಿತು, ಕಲಬುರಗಿಯ ‘ಸಿಕ್ಕಿತು’ ಎಂಬ ಉತ್ತರ ದಾರಿಯಲ್ಲಿ ಕಳೆದುಹೋಯಿತು, ಸೇಡಂ ಮತ್ತೆ ಕಳಿಸಿತು. ಹೀಗೆ ಆಗಿಯೇ ಆಗುತ್ತದೆ. ಅದಕ್ಕೆ ವ್ಯವಹಾರ ನಡೆದ ಜಾಗದಲ್ಲೇ, ಲೈನ್ ಇರಲಿ ಬಿಡಲಿ, ಒಂದು ವೋಚರ್ ಸಂಖ್ಯೆ ಹುಟ್ಟಬೇಕು. ಮತ್ತೆ ಕಳಿಸುವಾಗ ಅದೇ ಸಂಖ್ಯೆ ಹೋಗಬೇಕು, ಹೊಸದಲ್ಲ. ಪೋಸ್ಟ್‌ಗ್ರೆಸ್ ಆದರೆ ಹೀಗೆ:

```sql
INSERT INTO kirdi (voucher_no, khate, mottha)
VALUES ('SDM-2-000481', 117, 2000)
ON CONFLICT (voucher_no) DO NOTHING;
```

`SDM` ಶಾಖೆ, `2` ಕೌಂಟರ್, ಮುಂದಿನದು ಆ ಕೌಂಟರಿನ ಸರಣಿ. ಎರಡು ಶಾಖೆಗಳು ಒಬ್ಬರನ್ನೊಬ್ಬರು ಕೇಳದೆಯೇ ಸಂಖ್ಯೆ ಕೊಟ್ಟುಕೊಂಡರೂ ಢಿಕ್ಕಿ ಹೊಡೆಯುವುದಿಲ್ಲ. `voucher_no` ಮೇಲೆ ಪ್ರೈಮರಿ ಕೀ ಅಥವಾ ಯುನಿಕ್ ಇಂಡೆಕ್ಸ್ ಇರಲೇಬೇಕು, ಇಲ್ಲದಿದ್ದರೆ ಆ ಕೊನೆಯ ಸಾಲನ್ನು ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ.

ಬ್ಯಾಲೆನ್ಸ್ ಕಾಲಂ ತೆಗೆದುಹಾಕಬೇಕೆಂದಿಲ್ಲ. ತ್ವರಿತವಾಗಿ ತೋರಿಸಲು ಇರಲಿ, ಆದರೆ ರಾತ್ರಿ ಒಮ್ಮೆ ಅದನ್ನು ಕೀರ್ದಿಯ ಜೊತೆ ತಾಳೆ ನೋಡಿ:

```sql
SELECT k.khate, k.balance, SUM(d.mottha)
FROM khategalu k LEFT JOIN kirdi d ON d.khate = k.khate
GROUP BY k.khate, k.balance
HAVING k.balance <> COALESCE(SUM(d.mottha), 0);
```

ಒಂದು ಸಾಲೂ ಬರಬಾರದು. ಬಂದರೆ ದೂರು ಕೊಡದೆ ಸುಮ್ಮನಿದ್ದವರೂ ಆ ಪಟ್ಟಿಯಲ್ಲಿರುತ್ತಾರೆ. ಈಗಿರುವ ಡೇಟಾದ ಮೇಲೆ ಇವತ್ತೇ ಓಡಿಸಿ ನೋಡಿ. ಹಳೆಯ ಖಾತೆಗಳ ಆರಂಭದ ಶಿಲ್ಕನ್ನೂ ಒಂದು ಕೀರ್ದಿ ಸಾಲಾಗಿ ಹಾಕಿರಬೇಕು, ಅಷ್ಟೇ.

ಇಷ್ಟಕ್ಕೆ ಎಲ್ಲ ಮುಗಿಯಿತು ಎಂದು ಹೇಳುವವರಿದ್ದಾರೆ. ಮುಗಿದಿಲ್ಲ. ನಿಮ್ಮ ಸಂಘದಲ್ಲಿ ಪಿಗ್ಮಿ ಏಜೆಂಟರು ಇದ್ದೇ ಇರುತ್ತಾರೆ. ಕೈಯಲ್ಲಿ ಸಣ್ಣ ಮಷಿನ್ ಹಿಡಿದು ದಿನವಿಡೀ ಅಂಗಡಿ ಅಂಗಡಿ ತಿರುಗಿ ಜಮಾ ಮಾಡಿಕೊಂಡು, ರಸೀದಿ ಹರಿದುಕೊಟ್ಟು, ಆಮೇಲೆ ಶಾಖೆಗೆ ಬಂದು ಮಷಿನ್ ಖಾಲಿ ಮಾಡುತ್ತಾರೆ. ಅದು ಶುದ್ಧ ಈವೆಂಚುಯಲ್ ಕನ್ಸಿಸ್ಟೆನ್ಸಿ: ದಿನವಿಡೀ ಏಜೆಂಟರ ಲೆಕ್ಕ ಬೇರೆ, ಶಾಖೆಯ ಲೆಕ್ಕ ಬೇರೆ, ಸಂಜೆಗೆ ಒಂದೇ. ಯಾರಿಗೂ ತೊಂದರೆಯಿಲ್ಲ. ಈಗ ಅದೇ ಏಜೆಂಟರು ಓಣಿಯಲ್ಲೇ ಹಣ *ಕೊಡಲು* ಶುರುಮಾಡಿದರೆ? ಮ್ಯಾನೇಜರ್ ಒಪ್ಪುವುದಿಲ್ಲ. ಏಕೆ ಎಂದು ಅವರು ಪ್ರಮೇಯ ಹೇಳಲಾರರು, ಆದರೆ ಕಾರಣ ಪಕ್ಕಾ ಗೊತ್ತಿದೆ. ಜಮಾಕ್ಕೆ ಯಾವ ಷರತ್ತೂ ಇಲ್ಲ. ವಿತ್‌ಡ್ರಾಗೆ ‘ಬ್ಯಾಲೆನ್ಸ್ ಸೊನ್ನೆಗಿಂತ ಕೆಳಗಿಳಿಯಬಾರದು’ ಎಂಬ ಷರತ್ತಿದೆ, ಆ ಷರತ್ತು ಇನ್ನೊಂದು ಪುಸ್ತಕದಲ್ಲಿ ಏನು ಬರೆದಿದೆ ಎಂಬುದನ್ನು ಅವಲಂಬಿಸಿದೆ.

ಖಾತೆ 117ಕ್ಕೇ ಬನ್ನಿ. ಮತ್ತೊಂದು ದಿನ, ಬ್ಯಾಲೆನ್ಸ್ ₹5,000, ಲೈನ್ ಇಲ್ಲ. ಹೆಂಡತಿ ಕಲಬುರಗಿಯಲ್ಲಿ ₹4,000 ಕೇಳಿದರು, ಗಂಡ ಸೇಡಂನಲ್ಲಿ ₹4,000 ಕೇಳಿದರು. ಎರಡೂ ಕಡೆ ‘5,000 ಇದೆ, ಕೊಡಬಹುದು’ ಎಂದು ಕೊಟ್ಟರು. ಲೈನ್ ಬಂದ ಮೇಲೆ ಕೀರ್ದಿ ಸೇರಿಸಿದರೆ −3,000. ಲೆಕ್ಕ ತಪ್ಪಿಲ್ಲ, ಕೀರ್ದಿ ನಿಜವನ್ನೇ ಹೇಳುತ್ತಿದೆ. ಹಣ ಮಾತ್ರ ಹೋಗಿದೆ.

ಇಲ್ಲಿ ಮೂರು ದಾರಿಗಳಿವೆ. ಮೊದಲನೆಯದು, ಲೈನ್ ಇಲ್ಲದಾಗ ಸೇಡಂನಲ್ಲಿ ವಿತ್‌ಡ್ರಾ ಬಂದ್. ಲೆಕ್ಕಕ್ಕೆ ಸುರಕ್ಷಿತ, ಆದರೆ ಆಸ್ಪತ್ರೆ ಖರ್ಚಿಗೆ ಬಂದವರನ್ನು ಬರಿಗೈಲಿ ಕಳಿಸಿದ ಸಂಘಕ್ಕೆ ಮುಂದಿನ ವಾರ್ಷಿಕ ಸಭೆಯಲ್ಲಿ ಏನಾಗುತ್ತದೆಂದು ನಿಮಗೇ ಗೊತ್ತು.

ಎರಡನೆಯದು ಎಟಿಎಂನ ದಾರಿ. ಬ್ಯಾಂಕೆಂದರೆ ಬಿಗಿ ಕನ್ಸಿಸ್ಟೆನ್ಸಿ ಎಂದು ಬಹಳ ಕಡೆ ಓದಿರುತ್ತೀರಿ, ಅದು ಅರ್ಧ ಸತ್ಯ. ಬ್ರೂವರ್ ಅವರ 2012ರ ಲೇಖನದಲ್ಲಿ ಎಟಿಎಂ ಒಂದು ಉದಾಹರಣೆಯಾಗಿಯೇ ಬರುತ್ತದೆ: ಕೇಂದ್ರದ ಸಂಪರ್ಕ ತಪ್ಪಿದಾಗ ಯಂತ್ರ ಜಮಾವನ್ನು ಹಾಗೇ ಒಪ್ಪಿಕೊಳ್ಳಬಹುದು, ಹಣ ಕೊಡುವುದನ್ನು ಮಾತ್ರ ಒಂದು ಸಣ್ಣ ಮಿತಿಯೊಳಗೆ ಇಡಬಹುದು. ಮೀರಿ ಹೋದದ್ದನ್ನು ಆಮೇಲೆ ವಸೂಲಿ ಮಾಡಿಕೊಳ್ಳುತ್ತಾರೆ. ತಪ್ಪನ್ನು ಆಮೇಲೆ ಸರಿಪಡಿಸುವುದು ಬ್ಯಾಂಕಿಂಗ್‌ಗೆ ಹೊಸದಲ್ಲ. ನಮ್ಮಲ್ಲೇ ಎಟಿಎಂ ಖಾತೆಯಿಂದ ಹಣ ಕಡಿದು ನೋಟು ಕೊಡದಿದ್ದರೆ, ವ್ಯವಹಾರದ ದಿನದ ನಂತರ 5 ದಿನದೊಳಗೆ ಮರಳಿ ಹಾಕಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಎರಡು ಪುಸ್ತಕಗಳು ಕೆಲವು ದಿನ ತಾಳೆಯಾಗದೇ ಇರಬಹುದು ಎಂದು ಒಪ್ಪಿಕೊಂಡೇ ಬರೆದ ನಿಯಮ ಅದು. ನಿಮ್ಮ ಸೇಡಂಗೂ ಒಂದು ಮಿತಿ ಇಡಬಹುದು, ಖಾತೆಗೆ ₹1,000 ಎನ್ನಿ. ಅಲ್ಲಿ 400 ಸದಸ್ಯರಿದ್ದರೆ ಅತಿ ಕೆಟ್ಟ ದಿನದ ಗಂಡಾಂತರ ₹4 ಲಕ್ಷ. ಎಲ್ಲರೂ ಒಂದೇ ದಿನ ಹಾಗೆ ಮಾಡುವುದಿಲ್ಲ, ಆದರೆ ಕಮಿಟಿಯ ಮುಂದೆ ಇಡಬೇಕಾದ ಅಂಕಿ ಅದೇ.

ಮೂರನೆಯದನ್ನೇ ನಾನು ನಿಮಗೆ ಹೇಳುವುದು. ಲೈನ್ ಇರುವಾಗಲೇ ಪ್ರತಿ ಖಾತೆಯ ಹಣದಲ್ಲಿ ಒಂದು ಪಾಲನ್ನು ಸೇಡಂಗೆಂದು ತೆಗೆದಿಡುವುದು. ಇಂಥದ್ದಕ್ಕೆ ಎಸ್ಕ್ರೊ ಪದ್ಧತಿ ಎನ್ನುತ್ತಾರೆ, ಪ್ಯಾಟ್ರಿಕ್ ಓ'ನೀಲ್ 1986ರಲ್ಲೇ ವಿವರಿಸಿದ್ದು. ಖಾತೆ 117ರ ₹5,000ರಲ್ಲಿ ₹1,000 ಸೇಡಂ ಪಾಲು, ₹4,000 ಕಲಬುರಗಿ ಪಾಲು. ಲೈನ್ ಹೋಯಿತು. ಹೆಂಡತಿ ಕಲಬುರಗಿಯಲ್ಲಿ ₹4,000 ಕೇಳಿದರು, ಪಾಲಿನೊಳಗಿದೆ, ಕೊಡಿ. ಗಂಡ ಸೇಡಂನಲ್ಲಿ ₹4,000 ಕೇಳಿದರು, ‘ಲೈನ್ ಇಲ್ಲ, ಸಾವಿರದ ತನಕ ಕೊಡಬಹುದು’ ಎನ್ನಿ. ಒಟ್ಟು ಹೋದದ್ದು ಹೆಚ್ಚೆಂದರೆ ₹5,000. ಯಾವ ಕ್ರಮದಲ್ಲಿ ಸೇರಿಸಿದರೂ ಸೊನ್ನೆಗಿಂತ ಕೆಳಗೆ ಹೋಗುವುದು ಸಾಧ್ಯವೇ ಇಲ್ಲ. ಬೆಲೆ ಏನೆಂದರೆ, ಖಾತೆಯಲ್ಲಿ ಐದು ಸಾವಿರ ಇದ್ದರೂ ಆ ಹೊತ್ತು ಕಲಬುರಗಿಯಲ್ಲಿ ಪೂರ್ತಿ ಐದು ಸಾವಿರ ತೆಗೆಯಲಾಗದು. ಲೈನ್ ಇದ್ದಾಗ ಸೇಡಂ ಪಾಲನ್ನು ಕೇಳಿ ವಾಪಸ್ ಪಡೆಯಬಹುದು, ಹಾಗಾಗಿ ಆ ತೊಂದರೆ ಲೈನ್ ಹೋದಾಗ ಮಾತ್ರ.

ಹುಡುಗರು ಇಲ್ಲೇ ಎಡವುತ್ತಾರೆ: ಲೈನ್ ಹೋದ *ಮೇಲೆ* ಪಾಲು ಮಾಡಲು ಹೊರಡುತ್ತಾರೆ. ಆಗ ಮಾಡಲಾಗದು, ಏಕೆಂದರೆ ಪಾಲು ಮಾಡುವುದಕ್ಕೂ ಎರಡು ಕಡೆಯ ಒಪ್ಪಿಗೆ ಬೇಕು. ಇನ್ನೊಂದು ತಪ್ಪು, ‘ಅರ್ಧ ಗಂಟೆಯಿಂದ ಸೇಡಂ ಸುದ್ದಿ ಇಲ್ಲ, ಅದರ ಪಾಲನ್ನು ನಾವೇ ತಗೊಳ್ಳೋಣ’ ಎಂದು ಕಲಬುರಗಿ ತೀರ್ಮಾನಿಸುವುದು. ಸೇಡಂ ಸುಮ್ಮನಿದೆ ಎಂದರೆ ಅಲ್ಲಿ ಹಣ ಕೊಡುತ್ತಿಲ್ಲ ಎಂದಲ್ಲ.

ಕೇಂದ್ರದೊಳಗೆ, ಲೈನ್ ಸರಿಯಿರುವಾಗಲೂ, ವಿತ್‌ಡ್ರಾವನ್ನು ‘ಓದು, ಕಳೆ, ಬರೆ’ ಎಂದು ಮೂರು ಹೆಜ್ಜೆ ಮಾಡಬೇಡಿ. ನಡುವೆ ಇನ್ನೊಬ್ಬರು ನುಗ್ಗುತ್ತಾರೆ. ಷರತ್ತು ಬರಹದೊಳಗೇ ಇರಲಿ:

```sql
UPDATE khategalu SET balance = balance - 4000
WHERE khate = 117 AND balance >= 4000;
```

ಬದಲಾದ ಸಾಲುಗಳ ಸಂಖ್ಯೆ 1 ಬಂದರೆ ಹಣ ಕೊಡಿ, 0 ಬಂದರೆ ಕೊಡಬೇಡಿ. ಕೀರ್ದಿಯ ಸಾಲೂ ಇದೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಇರಬೇಕು. ಪಾಲಿನ ಪದ್ಧತಿ ತಂದ ಮೇಲೆ ಈ ಷರತ್ತು ಪೂರ್ತಿ ಬ್ಯಾಲೆನ್ಸಿನ ಬದಲು ಕಲಬುರಗಿ ಪಾಲನ್ನು ನೋಡಬೇಕು.

ಮುಂಬೈ ಮತ್ತು ಹೈದರಾಬಾದ್ ಎರಡೂ ಕಡೆ ಕ್ಲೌಡ್ ಪ್ರತಿ ಇಟ್ಟರೆ ಇನ್ನೂ ಗಟ್ಟಿ ಅಲ್ಲವೇ ಎಂದು ನಿಮ್ಮಲ್ಲೊಬ್ಬರು ಖಂಡಿತ ಕೇಳುತ್ತಾರೆ, ಎರಡೂ ಊರುಗಳಲ್ಲಿ ಅಮೆಜಾನಿನ ಕೇಂದ್ರಗಳಿವೆಯಲ್ಲ. ನಿಮ್ಮ ಸಂಘಕ್ಕೆ ಬೇಡ. ಎರಡು ಊರಿನ ನಡುವೆ ನೇರ ದೂರ ಸುಮಾರು 620 ಕಿ.ಮೀ., ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗಿ ಬರಲು ಕನಿಷ್ಠ 6 ಮಿಲಿಸೆಕೆಂಡು, ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ಇನ್ನೂ ಹೆಚ್ಚು. ಬಿಗಿಯಾಗಿರಬೇಕೆಂದರೆ ಪ್ರತಿ ಬರಹವೂ ಅಷ್ಟು ಕಾಯಬೇಕು. ಲೈನ್ ಸರಿಯಿದ್ದಾಗಲೂ ಇರುವ ಈ ಬೆಲೆಯನ್ನು ಕ್ಯಾಪ್ ಹೇಳುವುದೇ ಇಲ್ಲ, ಡೇನಿಯಲ್ ಅಬಾಡಿ ಪಿಎಸಿಇಎಲ್‌ಸಿ ಎಂಬ ಹೆಸರಿನಲ್ಲಿ ಅದನ್ನು ಸೇರಿಸಿದರು. ಕಾಯದೆ ಬರೆದರೆ ಮತ್ತೆ ‘ಕೊನೆಯದು ಗೆಲ್ಲುತ್ತದೆ’ ನ್ಯಾಯ. ಡೈನಮೊಡಿಬಿಯ ಗ್ಲೋಬಲ್ ಟೇಬಲ್ ಸಾಮಾನ್ಯ ಬಗೆಯಲ್ಲಿ ಹಾಗೇ ನಡೆಯುತ್ತದೆ, ಮತ್ತು ಅಲ್ಲಿ ನಿಮ್ಮ ಷರತ್ತು ಆ ಊರಿನ ಪ್ರತಿಯನ್ನು ಮಾತ್ರ ನೋಡುತ್ತದೆ. ಒಂದೇ ಊರಿನ ಮೂರು ಕಟ್ಟಡಗಳು ನಿಮಗೆ ಸಾಕು.

ಇನ್ನು ಫೀಡ್. ಶರಣಬಸವೇಶ್ವರ ಜಾತ್ರೆಯ ತೇರಿನ ಫೋಟೊ ಹಾಕಿದಿರಿ. ಕಲಬುರಗಿಯವರಿಗೆ 215 ಲೈಕ್, ಸೇಡಂನವರಿಗೆ 212 ಕಾಣಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಇಲ್ಲಿ ಉತ್ತರ ಕೊಡುವುದೇ ಸರಿ, ಹಳೆಯದಾದರೂ. ಆದರೆ ಲೈಕ್ ಲೆಕ್ಕವನ್ನೂ ‘212 ಓದು, 213 ಬರೆ’ ಎಂದು ಮಾಡಬೇಡಿ, ಖಾತೆ 117ರ ಕಥೆಯೇ ಇಲ್ಲೂ ನಡೆಯುತ್ತದೆ. ಯಾರು ಲೈಕ್ ಮಾಡಿದರೋ ಅವರ ಹೆಸರಿಗೊಂದು ಸಾಲು ಹಾಕಿ, ಎಣಿಸಿ. ಎರಡು ಸಲ ಒತ್ತಿದರೂ ಒಂದೇ ಸಾಲು.

ಜನರಿಗೆ ನಿಜವಾಗಿ ಕಿರಿಕಿರಿ ಮಾಡುವುದು ತಾವೇ ಹಾಕಿದ್ದು ತಮಗೇ ಕಾಣದಿರುವುದು. ಕಾಣದಿದ್ದರೆ ಮತ್ತೆ ಹಾಕುತ್ತಾರೆ, ಆಮೇಲೆ ಎರಡೂ ಕಾಣುತ್ತವೆ. ಹಾಕಿದವರ ಫೋನಿನಲ್ಲೇ ಅದನ್ನು ಇಟ್ಟುಕೊಂಡು, ಸರ್ವರ್‌ನಿಂದ ಬರುವ ತನಕ ಪಟ್ಟಿಯ ಮೇಲೆ ತೋರಿಸಿ. ಇನ್ನೊಂದು, ಪ್ರಶ್ನೆಗಿಂತ ಮೊದಲು ಉತ್ತರ ಬರುವುದು. ‘ನಾ ಬರಂಗಿಲ್ರಿ’ ಎಂಬ ಕಾಮೆಂಟ್ ಕಾಣುತ್ತದೆ, ‘ನಾಳೆ ಸಭೆಗೆ ಯಾರ್ಯಾರು ಬರ್ತೀರಿ?’ ಇನ್ನೂ ಬಂದಿಲ್ಲ. ಕಾಮೆಂಟಿನ ಜೊತೆ ಅದು ಯಾವ ಪೋಸ್ಟಿಗೆ ಎಂಬ ಸಂಖ್ಯೆ ಇರಲಿ, ಆ ಪೋಸ್ಟ್ ಬರುವ ತನಕ ತಡೆಹಿಡಿಯಿರಿ.

ಫೀಡೆಂದರೆ ಎಲ್ಲ ಸಡಿಲ ಎಂದೂ ಅಂದುಕೊಳ್ಳಬೇಡಿ. ಕಮಿಟಿ ಗುಂಪಿನಿಂದ ಒಬ್ಬ ಮಾಜಿ ನಿರ್ದೇಶಕರನ್ನು 4:00ಕ್ಕೆ ತೆಗೆದಿರಿ, 4:01ಕ್ಕೆ ಸಾಲ ಕಟ್ಟದವರ ಪಟ್ಟಿಯನ್ನು ಆ ಗುಂಪಿಗೆ ಹಾಕಿದಿರಿ. ಅವರ ಫೋನ್ ಕೇಳಿದ ಪ್ರತಿಗೆ ಪಟ್ಟಿ ಮೊದಲು ಬಂತು, ತೆಗೆದ ಸುದ್ದಿ ಆಮೇಲೆ ಬಂತು. ಅವರು ಓದಿದರು. ₹3,000 ಹೆಚ್ಚಿಗೆ ಹೋದರೆ ಮುಂದಿನ ತಿಂಗಳು ವಸೂಲಿ ಮಾಡಬಹುದು, ಓದಿದ್ದನ್ನು ವಾಪಸ್ ಪಡೆಯಲಾಗದು. ಹಾಗಾಗಿ ‘ಈ ಗುಂಪಿನಲ್ಲಿ ಇವರಿದ್ದಾರೆಯೇ’ ಎಂಬ ಒಂದು ಓದನ್ನು ಬಿಗಿ ಓದಾಗಿಯೇ ಮಾಡಿ, ಉತ್ತರ ಸಿಗದಿದ್ದರೆ ತೋರಿಸಬೇಡಿ. ನಿಮ್ಮ ಇಡೀ ಆ್ಯಪಿನಲ್ಲಿ ವಿತ್‌ಡ್ರಾಗಿಂತಲೂ ಕಟ್ಟುನಿಟ್ಟಾಗಿರಬೇಕಾದ ಜಾಗ ಇದು, ಅದು ಬ್ಯಾಂಕಿನ ಕಡೆ ಇಲ್ಲ, ಫೀಡಿನ ಕಡೆ ಇದೆ.

ಸದಸ್ಯರಿಗೆ ಬಿಡುವ ಮುನ್ನ ಒಂದು ಪರೀಕ್ಷೆ ಮಾಡಿ. ಎರಡು ಕಂಪ್ಯೂಟರ್, ಸುಳ್ಳು ಖಾತೆಗಳು, ಸೇಡಂ ಕಂಪ್ಯೂಟರಿನ ಲ್ಯಾನ್ ವೈರ್ ಕಿತ್ತುಬಿಡಿ. ಮೇಲಿನ ಎರಡೂ ಪ್ರಸಂಗಗಳನ್ನು ಅದೇ ಅಂಕಿಗಳಿಂದ ಆಡಿ. ಒಮ್ಮೆ ಸೇಡಂ ಗಡಿಯಾರವನ್ನು ಒಂದು ವರ್ಷ ಹಿಂದಿಟ್ಟು ಆಡಿ, ಒಮ್ಮೆ ಸಿಂಕ್ ಅರ್ಧ ಆಗುವಾಗ ವೈರ್ ಕಿತ್ತು ಮತ್ತೆ ಹಾಕಿ. ಪ್ರತಿ ಸಲವೂ ಆ ತಾಳೆಯ ಕ್ವೆರಿ ಖಾಲಿ ಬರಬೇಕು, ಯಾವ ಖಾತೆಯೂ ಸೊನ್ನೆಗಿಂತ ಕೆಳಗಿರಬಾರದು.

ಮತ್ತೆ, ಸೇಡಂ ಕೌಂಟರಿನ ಪರದೆಯ ಮೇಲೆ ಬರೀ ‘ಬ್ಯಾಲೆನ್ಸ್ ₹5,000’ ಎಂದು ಹಾಕಬೇಡಿ. ಲೈನ್ ಇಲ್ಲದಾಗ ‘ಬೆಳಿಗ್ಗೆ 11:05ರ ತನಕದ ಬ್ಯಾಲೆನ್ಸ್ ₹5,000, ಈಗ ಇಲ್ಲಿ ಕೊಡಬಹುದಾದದ್ದು ₹1,000’ ಎಂದು ಬರಲಿ. ಕ್ಯಾಷಿಯರ್ ಅದನ್ನು ಓದಿ ಹೇಳಿದರೆ ಎದುರಿಗಿದ್ದವರಿಗೆ ಅರ್ಥವಾಗುತ್ತದೆ. ಆ ಸಾವಿರ ಎಷ್ಟಿರಬೇಕು ಎಂಬುದನ್ನು ನೀವು ಮೂವರು ಕೂತು ತೀರ್ಮಾನಿಸಬೇಡಿ, ಸೇಡಂ ಶಾಖೆಯ ಕಳೆದ ಮೂರು ತಿಂಗಳ ವಿತ್‌ಡ್ರಾ ಚೀಟಿಗಳನ್ನು ತೆಗೆಸಿ ಕಾರ್ಯದರ್ಶಿಯವರ ಮುಂದಿಡಿ.